ಜೋಗದ ನೀರಿನಿಂದ ಬರೀ 248 ಕಿಲೋವ್ಯಾಟ್? ತಪ್ಪು ಎಲ್ಲಿದೆ ಅಂತ ಯೂನಿಟ್ಟೇ ಹೇಳುತ್ತದೆ

ಪಿಯು ಭೌತಶಾಸ್ತ್ರದ ಟೆಸ್ಟ್ ಪೇಪರ್ ವಾಪಸ್ ಕೊಟ್ಟ ದಿನ ಶಿವಮೊಗ್ಗವಾಗಲಿ ಸಾಗರವಾಗಲಿ, ಯಾವ ಕಾಲೇಜಿನಲ್ಲೂ ಈ ಮಾತು ಕೇಳಿಬರುತ್ತದೆ: "ಸರ್, ನಂಬರ್ ಸರಿ ಬಂದಿದೆಯಲ್ಲ, ಮಾರ್ಕ್ಸ್ ಯಾಕೆ ಹೋಯ್ತು?" ನಂಬರ್ ನಿಜವಾಗಿಯೂ ಸರಿಯಾಗಿಯೇ ಕಾಣುತ್ತಿರುತ್ತದೆ. ಆದರೆ ಅದರ ಪಕ್ಕದಲ್ಲಿ ಬರೆದ ಯೂನಿಟ್‌ಗೂ ಮೇಲೆ ಬಳಸಿದ ಸೂತ್ರಕ್ಕೂ ಸಂಬಂಧವೇ ಇರುವುದಿಲ್ಲ. ಇದನ್ನು ಪೇಪರ್ ಕೊಡುವ ಮೊದಲೇ ಕಂಡುಹಿಡಿಯಲು ಒಂದು ದಾರಿ ಇದೆ. ಪಠ್ಯಪುಸ್ತಕ ಅದನ್ನು ಆಯಾಮ ವಿಶ್ಲೇಷಣೆ ಅನ್ನುತ್ತದೆ. ಮೊದಲ ಪಿಯುಸಿಯ ಶುರುವಿನಲ್ಲೇ ಬರುವ ಪಾಠ. ಹೆಚ್ಚಿನವರು ಅದನ್ನು ಎರಡು ಮಾರ್ಕಿನ ಪ್ರಶ್ನೆಗೆ ಅಂತ ಓದಿ ಅಲ್ಲೇ ಬಿಟ್ಟುಬಿಡುತ್ತಾರೆ.

ಒಂದೇ ಒಂದು ಲೆಕ್ಕ ತೆಗೆದುಕೊಂಡು ಕೊನೆಯವರೆಗೂ ನೋಡೋಣ. ಪ್ರಶ್ನೆ ಹೀಗಿದೆ ಅಂದುಕೊಳ್ಳಿ: ಜೋಗ ಜಲಪಾತದ ಎತ್ತರ 253 ಮೀಟರ್. ಸೆಕೆಂಡಿಗೆ 100 ಘನ ಮೀಟರ್ ನೀರು ಅಷ್ಟು ಎತ್ತರದಿಂದ ಬೀಳುತ್ತಿದ್ದರೆ, ಅದರಿಂದ ಹೆಚ್ಚೆಂದರೆ ಎಷ್ಟು ಸಾಮರ್ಥ್ಯ (ಪವರ್) ಸಿಗಬಹುದು?

ವಿದ್ಯಾರ್ಥಿ ಬರೆದದ್ದು ಇಷ್ಟು:

P = Q × g × H
= 100 × 9.8 × 253
= 247940 W
≈ 248 kW

ಇಲ್ಲಿ Q ಅಂದರೆ ಸೆಕೆಂಡಿಗೆ ಬೀಳುವ ನೀರಿನ ಗಾತ್ರ, g ಅಂದರೆ ಗುರುತ್ವದ ವೇಗೋತ್ಕರ್ಷ, H ಅಂದರೆ ಎತ್ತರ. ಗುಣಾಕಾರದಲ್ಲಿ ತಪ್ಪಿಲ್ಲ. ಸರಿ ಉತ್ತರದಲ್ಲೂ 248 ಇದೆ. ಆದರೆ ಅದು 248 ಮೆಗಾವ್ಯಾಟ್. ಅಂದರೆ ಉತ್ತರ ಸಾವಿರ ಪಟ್ಟು ಕಡಿಮೆಯಾಗಿದೆ.

ಸುತ್ತಮುತ್ತ ನೋಡಿದವರಿಗೆ ಇಲ್ಲೇ ಅನುಮಾನ ಬರಬೇಕು. 248 ಕಿಲೋವ್ಯಾಟ್ ಅಂದರೆ ಸುಮಾರು 330 ಹಾರ್ಸ್‌ಪವರ್. ದೂರದ ಊರಿಗೆ ಹೋಗುವ ದೊಡ್ಡ ಬಸ್ಸಿನ ಎಂಜಿನ್ ಅಷ್ಟು ಕೊಡುತ್ತದೆ. ಶರಾವತಿ ವಿದ್ಯುದಾಗಾರದಲ್ಲಿ 103.5 ಮೆಗಾವ್ಯಾಟ್‌ನ ಹತ್ತು ಘಟಕಗಳಿವೆ, ಒಟ್ಟು 1035 ಮೆಗಾವ್ಯಾಟ್. ಸೆಕೆಂಡಿಗೆ ಲಕ್ಷ ಲೀಟರ್ ನೀರು 253 ಮೀಟರ್ ಬಿದ್ದು ಒಂದು ಬಸ್ ಎಂಜಿನ್‌ನಷ್ಟು ಶಕ್ತಿ ಕೊಡುವುದಾಗಿದ್ದರೆ ಅಣೆಕಟ್ಟು ಕಟ್ಟುವ ಗೋಜಿಗೆ ಯಾರೂ ಹೋಗುತ್ತಿರಲಿಲ್ಲ. ಆದರೆ ಪರೀಕ್ಷಾ ಹಾಲಿನಲ್ಲಿ ಎಲ್ಲರಿಗೂ ಇದು ಹೊಳೆಯುವುದಿಲ್ಲ. ಹೊಳೆದರೂ "ಎಲ್ಲೋ ತಪ್ಪಾಗಿದೆ" ಅಂತ ಗೊತ್ತಾಗುತ್ತದೆ, ಎಲ್ಲಿ ಅಂತ ಗೊತ್ತಾಗುವುದಿಲ್ಲ.

## ಆಯಾಮ ಅಂದರೆ ಏನು

ಒಂದು ಅಳತೆಯಲ್ಲಿ ಎರಡು ಸಂಗತಿ ಇರುತ್ತವೆ. ಅದು ಯಾವ ಜಾತಿಯ ಅಳತೆ ಅನ್ನುವುದು ಒಂದು. ಅದನ್ನು ಯಾವುದರಲ್ಲಿ ಅಳೆದಿದ್ದೇವೆ ಅನ್ನುವುದು ಇನ್ನೊಂದು. ಜಲಪಾತದ ಎತ್ತರವನ್ನು 253 ಮೀಟರ್ ಅನ್ನಬಹುದು, 830 ಅಡಿ ಅನ್ನಬಹುದು. ಯೂನಿಟ್ ಬದಲಾಯಿತು. ಆದರೆ ಎರಡೂ ಉದ್ದವೇ. ಈ "ಉದ್ದ" ಅನ್ನುವ ಜಾತಿಯೇ ಆಯಾಮ.

ಚಲನೆ, ಬಲ, ಶಕ್ತಿ ಇವುಗಳ ಲೆಕ್ಕಕ್ಕೆ ಮೂರು ಮೂಲ ಆಯಾಮ ಸಾಕು: ದ್ರವ್ಯರಾಶಿ, ಉದ್ದ, ಕಾಲ. ಪುಸ್ತಕದಲ್ಲಿ ಇವನ್ನು M, L, T ಅಂತ ಬರೆಯುತ್ತಾರೆ. ಕೈಯಲ್ಲಿ ಲೆಕ್ಕ ಮಾಡುವಾಗ kg, m, s ಅಂತ ಬರೆದುಕೊಂಡರೂ ಅದೇ ಕೆಲಸ ನಡೆಯುತ್ತದೆ. ನನಗೆ ಇದೇ ಇಷ್ಟ, ಯಾಕೆಂದರೆ ಯೂನಿಟ್ ತಪ್ಪಿದರೆ ಅದೂ ಜೊತೆಗೇ ಕಣ್ಣಿಗೆ ಬೀಳುತ್ತದೆ.

ನಿಯಮ ಸರಳ. ಕೂಡುವುದು, ಕಳೆಯುವುದು, ಸಮ ಅಂತ ಹಾಕುವುದು ಒಂದೇ ಜಾತಿಯವುಗಳ ನಡುವೆ ಮಾತ್ರ. ಗುಣಿಸುವುದು, ಭಾಗಿಸುವುದು ಯಾವುದರ ಜೊತೆಗೂ ಆಗುತ್ತದೆ, ಆದರೆ ಆಗ ಹೊಸ ಜಾತಿ ಹುಟ್ಟುತ್ತದೆ. ತೀರ್ಥಹಳ್ಳಿಯ ತೋಟದವರು ಹತ್ತು ಕ್ವಿಂಟಾಲ್ ಅಡಿಕೆಗೆ ಎರಡು ಎಕರೆ ತೋಟ ಕೂಡಿಸಿ ಹನ್ನೆರಡು ಅನ್ನುವುದಿಲ್ಲ. ಆದರೆ ಹತ್ತು ಕ್ವಿಂಟಾಲನ್ನು ಎರಡು ಎಕರೆಯಿಂದ ಭಾಗಿಸಿ ಎಕರೆಗೆ ಐದು ಕ್ವಿಂಟಾಲ್ ಇಳುವರಿ ಅಂತಾರೆ. ಆ ಐದು ಅನ್ನುವುದು ಬರೀ ಅಡಿಕೆಯೂ ಅಲ್ಲ, ಬರೀ ತೋಟವೂ ಅಲ್ಲ, ಮೂರನೆಯದು.

ಭೌತಶಾಸ್ತ್ರದ ಸಮೀಕರಣಗಳಿಗೂ ಇದೇ ನಿಯಮ ಅನ್ವಯಿಸುತ್ತದೆ ಅಂತ ಸ್ಪಷ್ಟವಾಗಿ ಬರೆದಿಟ್ಟವರು ಫ್ರಾನ್ಸಿನ ಗಣಿತಜ್ಞ ಫೋರಿಯೆ, 1822ರಲ್ಲಿ, ಶಾಖದ ಬಗ್ಗೆ ಬರೆದ ಪುಸ್ತಕದಲ್ಲಿ. ಸಮ ಚಿಹ್ನೆಯ ಎಡಕ್ಕೂ ಬಲಕ್ಕೂ ಒಂದೇ ಆಯಾಮ ಇರಲೇಬೇಕು. ಇಲ್ಲದಿದ್ದರೆ ಆ ಸೂತ್ರ ತಪ್ಪು, ಅದರಲ್ಲಿ ಯಾವ ನಂಬರ್ ಹಾಕಿದರೂ ತಪ್ಪೇ.

## ವ್ಯಾಟ್ ಒಳಗೆ ಏನಿದೆ

ವ್ಯಾಟ್ ಅನ್ನುವುದು ಒಂದು ಅಡ್ಡಹೆಸರು ಇದ್ದಂತೆ. ಅದನ್ನು ಬಿಚ್ಚಿದರೆ ಮಾತ್ರ ಹೋಲಿಸಲು ಬರುತ್ತದೆ. ಬಾಯಿಪಾಠ ಬೇಡ, ಗೊತ್ತಿರುವಲ್ಲಿಂದ ಮೇಲೆ ಬಂದರೆ ಸಾಕು.

ಬಲ ಅಂದರೆ ದ್ರವ್ಯರಾಶಿ ಗುಣಿಸು ವೇಗೋತ್ಕರ್ಷ. ಹಾಗಾಗಿ ಬಲದ ಯೂನಿಟ್ kg × m/s². ಆ ಬಲ ಹಾಕಿ ಒಂದಿಷ್ಟು ದೂರ ತಳ್ಳಿದರೆ ಅದು ಕೆಲಸ. ಇನ್ನೊಂದು m ಸೇರಿತು, kg × m²/s² ಆಯಿತು. ಇದೇ ಜೌಲ್. ಆ ಕೆಲಸ ಎಷ್ಟು ಬೇಗ ಆಯಿತು ಅನ್ನುವುದು ಸಾಮರ್ಥ್ಯ. ಸೆಕೆಂಡಿನಿಂದ ಭಾಗಿಸಬೇಕು. ಆಗ ಸಿಗುವುದು:

ವ್ಯಾಟ್ = kg × m²/s³

ಈಗ ವಿದ್ಯಾರ್ಥಿಯ ಬಲಬದಿ ನೋಡೋಣ. Q ಸೆಕೆಂಡಿಗೆ ಇಷ್ಟು ಘನ ಮೀಟರ್, ಅಂದರೆ m³/s. g ಅಂದರೆ m/s². H ಅಂದರೆ m. ಮೂರನ್ನೂ ಗುಣಿಸಿದರೆ:

Q × g × H = (m³/s) × (m/s²) × m = m⁵/s³

ಎಡಕ್ಕೆ kg × m²/s³. ಬಲಕ್ಕೆ m⁵/s³. ಎರಡೂ ಒಂದೇ ಅಲ್ಲ. ಅಂದರೆ 247940 ಅನ್ನುವ ನಂಬರ್ ಪಕ್ಕದಲ್ಲಿ W ಅಂತ ಬರೆಯಲು ಆ ವಿದ್ಯಾರ್ಥಿಗೆ ಯಾವ ಆಧಾರವೂ ಇರಲಿಲ್ಲ. ಪ್ರಶ್ನೆಯಲ್ಲಿ ಪವರ್ ಕೇಳಿದ್ದಾರೆ, ಪವರ್‌ನ ಯೂನಿಟ್ ವ್ಯಾಟ್, ಅದಕ್ಕೇ ವ್ಯಾಟ್ ಬರೆದದ್ದು. ಯೂನಿಟ್ ಲೆಕ್ಕದಿಂದ ಹೊರಗೆ ಬರಬೇಕು. ಇಲ್ಲಿ ಅದನ್ನು ಕೊನೆಗೆ ಸುಮ್ನೆ ಅಂಟಿಸಲಾಗಿದೆ. ಇಂಥ ಉತ್ತರಗಳಲ್ಲಿ ನಡೆಯುವ ಮೂಲ ಎಡವಟ್ಟೇ ಇದು.

## ಭಾಗಿಸಿ ನೋಡಿದರೆ ಕಳೆದುಹೋದದ್ದು ಸಿಗುತ್ತದೆ

ಹೆಚ್ಚಿನವರು ಇಲ್ಲಿಗೆ ನಿಲ್ಲಿಸುತ್ತಾರೆ. ಆಯಾಮ ಹೊಂದಲಿಲ್ಲ, ಸೂತ್ರ ತಪ್ಪು, ಅಷ್ಟೇ. ಆದರೆ ಇನ್ನೊಂದು ಹೆಜ್ಜೆ ಮುಂದೆ ಹೋಗಬೇಕು. ಬರಬೇಕಾದ ಯೂನಿಟ್ಟನ್ನು ಬಂದಿರುವ ಯೂನಿಟ್‌ನಿಂದ ಭಾಗಿಸಿ:

(kg × m²/s³) ÷ (m⁵/s³) = kg/m³

ಘನ ಮೀಟರಿಗೆ ಇಷ್ಟು ಕಿಲೋ. ಇದು ಸಾಂದ್ರತೆ ಅಲ್ವಾ? ಬಿಟ್ಟುಹೋದದ್ದು ನೀರಿನ ಸಾಂದ್ರತೆ. ಸರಿಯಾದ ಸೂತ್ರ P = ρ × Q × g × H. ನೀರಿನ ρ ಅಂದರೆ 1000 kg/m³. 247940ನ್ನು ಸಾವಿರದಿಂದ ಗುಣಿಸಿದರೆ 247940000 ವ್ಯಾಟ್, ಅಂದರೆ ಸುಮಾರು 248 ಮೆಗಾವ್ಯಾಟ್.

ಆ ಭಾಗಾಕಾರದಲ್ಲಿ ಇನ್ನೂ ಎರಡು ಸುದ್ದಿ ಇವೆ. ಒಂದು, s ಪೂರ್ತಿ ಹೊಡೆದುಹೋಯಿತು. ಅಂದರೆ ಕಾಲದ ವಿಷಯದಲ್ಲಿ ಸೂತ್ರ ಸರಿಯಾಗಿದೆ. ಸೆಕೆಂಡಿನಿಂದ ಇನ್ನೊಮ್ಮೆ ಭಾಗಿಸಬೇಕಿತ್ತಾ, g ಮರೆತೆನಾ ಅಂತ ಆ ಕಡೆ ಹುಡುಕುತ್ತಾ ಕೂರಬೇಕಾಗಿಲ್ಲ. ಎರಡು, kg ಅನ್ನುವುದು ಬಲಬದಿಯಲ್ಲಿ ಎಲ್ಲೂ ಇರಲೇ ಇಲ್ಲ. Q, g, H ಮೂರರಲ್ಲೂ ಕಿಲೋ ಇಲ್ಲ. ಹಾಗಿರುವಾಗ ಅವನ್ನು ವರ್ಗ ಮಾಡಿ, ಭಾಗಿಸಿ, ವರ್ಗಮೂಲ ತೆಗೆಯಿರಿ, ಏನು ಮಾಡಿದರೂ ವ್ಯಾಟ್ ಬರುವುದಿಲ್ಲ. ಹೊರಗಿನಿಂದ ಕಿಲೋ ಇರುವ ಒಂದು ರಾಶಿ ಬರಲೇಬೇಕು. ಪ್ರಶ್ನೆಯಲ್ಲಿ ಅದನ್ನು ಕೊಟ್ಟಿಲ್ಲದಿದ್ದರೆ, ನಿಮಗೆ ಗೊತ್ತಿರಬೇಕು ಅಂತ ಪ್ರಶ್ನೆ ತೆಗೆದವರು ಅಂದುಕೊಂಡಿದ್ದಾರೆ ಅಂತಲೇ ಅರ್ಥ.

## ಸಾಂದ್ರತೆಯೇ ಯಾಕೆ ಕೈಬಿಡುತ್ತದೆ

ಇದಕ್ಕೆ ಕಾರಣ ಅಜಾಗರೂಕತೆ ಒಂದೇ ಅಲ್ಲ. ಒಂದು ಲೀಟರ್ ನೀರು ಒಂದು ಕಿಲೋ ಅನ್ನುವುದು ನಮ್ಮ ತಲೆಯಲ್ಲಿ ಚಿಕ್ಕಂದಿನಿಂದ ಕೂತಿದೆ. ಹಾಗಾಗಿ ನೀರಿನ ಗಾತ್ರ ಹೇಳಿದರೂ ತೂಕ ಹೇಳಿದರೂ ಒಂದೇ ಅನ್ನಿಸುತ್ತದೆ. ಲೀಟರ್ ಲೆಕ್ಕದಲ್ಲಿ ಈ ಅಡ್ಡದಾರಿ ನಡೆದುಹೋಗುತ್ತದೆ. ಘನ ಮೀಟರಿಗೆ ಬಂದ ಕೂಡಲೇ ಕೈಕೊಡುತ್ತದೆ, ಯಾಕೆಂದರೆ ಒಂದು ಘನ ಮೀಟರಿನಲ್ಲಿ ಸಾವಿರ ಲೀಟರ್ ಇದೆ. ಆ ಸಾವಿರವೇ ಕಿಲೋವ್ಯಾಟಿಗೂ ಮೆಗಾವ್ಯಾಟಿಗೂ ನಡುವಿನ ಸಾವಿರ.

ಯೂನಿಟ್ಟನ್ನು ಬೇರೆ ರೀತಿ ಗುಂಪು ಮಾಡಿದರೆ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. g × H ಅಂದರೆ 9.8 × 253, ಸುಮಾರು 2479. ಇದರ ಯೂನಿಟ್ m²/s². ಜೌಲ್ ಅಂದರೆ kg × m²/s² ಅಂತ ಆಗಲೇ ನೋಡಿದೆವು. ಹಾಗಾದರೆ m²/s² ಅಂದರೆ ಕಿಲೋಗೆ ಇಷ್ಟು ಜೌಲ್. ಅಂದರೆ ಅಷ್ಟು ಎತ್ತರದಿಂದ ಬಿದ್ದ ಪ್ರತಿ ಕಿಲೋ ನೀರೂ 2479 ಜೌಲ್ ಕೊಡಬಲ್ಲದು. ಈಗ ಸೆಕೆಂಡಿಗೆ ಎಷ್ಟು ಕಿಲೋ ಬಿತ್ತು ಅಂತ ಕೇಳಬೇಕು. ವಿದ್ಯಾರ್ಥಿ ಸೆಕೆಂಡಿಗೆ ಎಷ್ಟು ಘನ ಮೀಟರ್ ಅಂತ ಗುಣಿಸಿಬಿಟ್ಟ. ಕಿಲೋಗೆ ಇರುವ ದರವನ್ನು ಘನ ಮೀಟರಿಗೆ ಕಟ್ಟಿದಂತಾಯಿತು. 100 ಘನ ಮೀಟರ್ ಅಂದರೆ ಒಂದು ಲಕ್ಷ ಕಿಲೋ ನೀರು. ಒಂದು ಲಕ್ಷವನ್ನು 2479ರಿಂದ ಗುಣಿಸಿದರೆ ಅದೇ 248 ಮೆಗಾವ್ಯಾಟ್.

## ಅದೇ ಜಲಪಾತ, ಇನ್ನೊಂದು ತಪ್ಪು

ಅದೇ ಪ್ರಶ್ನೆಯ ಎರಡನೇ ಭಾಗ: ಗಾಳಿಯ ತಡೆ ಇಲ್ಲ ಅಂದುಕೊಂಡರೆ ಕೆಳಗೆ ಮುಟ್ಟುವಾಗ ನೀರಿನ ವೇಗ ಎಷ್ಟು? ಉತ್ತರ ಪತ್ರಿಕೆಯಲ್ಲಿ ಹೀಗಿದೆ:

v = 2 × g × H = 2 × 9.8 × 253 = 4959 m/s

ವೇಗಕ್ಕೆ m/s ಬೇಕು. ಬಂದಿರುವುದು m²/s². ಇಲ್ಲಿ ಹಿಂದಿನ ಹಾಗೆ ಏನೋ ಒಂದು ರಾಶಿ ಕಾಣೆಯಾಗಿಲ್ಲ. m, s ಎರಡರ ಘಾತವೂ ಬೇಕಾದ್ದರ ಸರಿಯಾಗಿ ಎರಡರಷ್ಟಿದೆ. ಹೀಗೆ ಕಂಡರೆ ವರ್ಗಮೂಲ ಬಿಟ್ಟುಹೋಗಿದೆ ಅಂತ ಮೊದಲು ಅನುಮಾನಿಸಿ. v² = 2gH ಅಂತ ಬರೆದು ಮುಂದಿನ ಸಾಲಿನಲ್ಲಿ ಅವಸರಕ್ಕೆ ವರ್ಗದ ಚಿಹ್ನೆ ಬಿಟ್ಟಿದ್ದಾರೆ, ಅಷ್ಟೇ. ವರ್ಗಮೂಲ ತೆಗೆದರೆ 70.4 m/s, ಗಂಟೆಗೆ ಸುಮಾರು 253 ಕಿಲೋಮೀಟರ್. (ಎತ್ತರವೂ 253 ಮೀಟರ್, ಇದು ಬರೀ ಕಾಕತಾಳೀಯ. ನಿಜದಲ್ಲಿ ಗಾಳಿಗೆ ಸಿಕ್ಕಿ ನೀರು ಹನಿಹನಿಯಾಗಿ ಚದುರುವುದರಿಂದ ಅಷ್ಟು ವೇಗ ಬರುವುದೂ ಇಲ್ಲ.)

## ಆಯಾಮ ಸರಿ, ಯೂನಿಟ್ ತಪ್ಪು

ಇನ್ನೊಬ್ಬ ವಿದ್ಯಾರ್ಥಿ ಸಾಂದ್ರತೆ ಮರೆಯಲಿಲ್ಲ. P = ρQgH ಅಂತ ಸರಿಯಾಗಿಯೇ ಬರೆದ. ಆದರೆ ನೀರಿನ ಸಾಂದ್ರತೆ 1 ಅಂತ ನೆನಪಿತ್ತು, 1 ಹಾಕಿದ. ಉತ್ತರ ಮತ್ತೆ 247940! ಮೊದಲನೆಯವನ ತಪ್ಪೇ ಬೇರೆ, ಇವನ ತಪ್ಪೇ ಬೇರೆ. ಸಿಕ್ಕ ನಂಬರ್ ಮಾತ್ರ ಒಂದೇ.

ಇಲ್ಲಿ M, L, T ಬರೆದು ನೋಡಿದರೆ ಎಲ್ಲ ಹೊಂದುತ್ತದೆ. ಸಾಂದ್ರತೆಯನ್ನು ಯಾವ ಯೂನಿಟ್‌ನಲ್ಲಿ ಬರೆದರೂ ಅದು ಸಾಂದ್ರತೆಯೇ, ಆಯಾಮಕ್ಕೆ ಅದರಲ್ಲಿ ಭೇದವಿಲ್ಲ. ನಂಬರ್ ಹಾಕುವ ಸಾಲಿನಲ್ಲಿ ಯೂನಿಟ್ಟನ್ನೂ ಜೊತೆಗೇ ಬರೆದಿದ್ದರೆ ಮಾತ್ರ ಇದು ಸಿಕ್ಕಿಬೀಳುತ್ತದೆ:

1 g/cm³ × 100 m³/s × 9.8 m/s² × 253 m

ಹೀಗೆ ಬರೆದಾಗ cm³ ಮತ್ತು m³ ಹೊಡೆದುಹೋಗದೆ ಎದುರುಬದುರು ನಿಂತಿರುವುದು ಕಾಣುತ್ತದೆ. ಒಂದು ಗ್ರಾಂ ಅಂದರೆ ಕಿಲೋದ ಸಾವಿರದ ಒಂದು ಭಾಗ. ಒಂದು ಘನ ಸೆಂಟಿಮೀಟರ್ ಅಂದರೆ ಘನ ಮೀಟರಿನ ಹತ್ತು ಲಕ್ಷದ ಒಂದು ಭಾಗ. ಭಾಗಿಸಿದರೆ 1 g/cm³ ಅಂದರೆ 1000 kg/m³. ಸಾವಿರ ಮತ್ತೆ ಸಿಕ್ಕಿತು.

ಪರೀಕ್ಷೆಯ ಹೊರಗೂ ಜಾಸ್ತಿ ಆಗುವ ತಪ್ಪು ಇದೇ ಜಾತಿಯದು. ಜುಲೈ ತಿಂಗಳಲ್ಲಿ ಮಲೆನಾಡಿನಲ್ಲಿ ದಿನಕ್ಕೆ 100 ಮಿಲಿಮೀಟರ್ ಮಳೆ ಬೀಳುವುದು ದೊಡ್ಡ ಸಂಗತಿಯೇನಲ್ಲ. 1000 ಚದರ ಅಡಿ ಮಾಡಿನಿಂದ ಆ ದಿನ ಎಷ್ಟು ನೀರು ಇಳಿಯುತ್ತದೆ? ನೂರನ್ನು ಸಾವಿರದಿಂದ ಗುಣಿಸಿ ಒಂದು ಲಕ್ಷ ಲೀಟರ್ ಅಂದುಬಿಡುವವರಿದ್ದಾರೆ. ಉದ್ದ ಗುಣಿಸು ವಿಸ್ತೀರ್ಣ, ಗಾತ್ರವೇ ಬಂತು, ಆಯಾಮ ಸರಿ. ಆದರೆ ಅದು ಒಂದು ಲಕ್ಷ "ಮಿಲಿಮೀಟರ್ ಚದರ ಅಡಿ", ಆ ಅಳತೆಯ ಟ್ಯಾಂಕ್ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. 1000 ಚದರ ಅಡಿ ಅಂದರೆ 92.9 ಚದರ ಮೀಟರ್. 100 ಮಿಲಿಮೀಟರ್ ಅಂದರೆ 0.1 ಮೀಟರ್. ಗುಣಿಸಿದರೆ 9.29 ಘನ ಮೀಟರ್, ಅಂದರೆ 9290 ಲೀಟರ್. ಹಂಚಿನ ಇಳಿಜಾರು ಮಾಡಾದರೆ ಹಂಚಿನ ವಿಸ್ತೀರ್ಣ ಹಿಡಿಯಬಾರದು, ಮಾಡು ನೆಲದ ಮೇಲೆ ಎಷ್ಟು ಜಾಗ ಮುಚ್ಚಿದೆ ಅಷ್ಟನ್ನೇ ಹಿಡಿಯಬೇಕು. ಮಳೆ ಅಳೆಯುವುದು ನೆಲಮಟ್ಟದ ಲೆಕ್ಕದಲ್ಲಿ. ಈ ತಪ್ಪನ್ನು ಆಯಾಮವೂ ಹಿಡಿಯುವುದಿಲ್ಲ, ಯೂನಿಟ್ಟೂ ಹಿಡಿಯುವುದಿಲ್ಲ. ಎರಡೂ ಚದರ ಮೀಟರೇ ತಾನೆ?

## ಈ ದಾರಿಗೆ ಸಿಗದ ತಪ್ಪುಗಳು

ಯೂನಿಟ್ ಇಲ್ಲದ ಬರೀ ಸಂಖ್ಯೆಗಳು ಆಯಾಮದ ಜರಡಿಯಲ್ಲಿ ನಿಲ್ಲುವುದಿಲ್ಲ. ಮೇಲಿನ ಲೆಕ್ಕದಲ್ಲೇ ಟರ್ಬೈನ್ ಮತ್ತು ಜನರೇಟರ್ ಸೇರಿ ದಕ್ಷತೆ 85 ಪರ್ಸೆಂಟ್ ಅಂತ ಪ್ರಶ್ನೆಯಲ್ಲಿ ಕೊಟ್ಟಿದ್ದರೆ ಉತ್ತರ ಸುಮಾರು 211 ಮೆಗಾವ್ಯಾಟ್ ಆಗಬೇಕು. 0.85ರಿಂದ ಗುಣಿಸಲು ಮರೆತರೂ, ಗುಣಿಸುವ ಬದಲು ಭಾಗಿಸಿದರೂ ಯೂನಿಟ್ ವ್ಯಾಟ್ ಆಗಿಯೇ ಬರುತ್ತದೆ. ಭಾಗಿಸಿದರೆ 292 ಮೆಗಾವ್ಯಾಟ್ ಬರುತ್ತದೆ, ನೀರು ಕೊಟ್ಟದ್ದಕ್ಕಿಂತ ಜಾಸ್ತಿ. ಅದನ್ನು ಹಿಡಿಯಲು ಬೇರೆ ಬುದ್ಧಿ ಬೇಕು.

ಎರಡು ಬೇರೆ ಬೇರೆ ರಾಶಿಗಳಿಗೆ ಒಂದೇ ಆಯಾಮ ಇರುವುದೂ ಉಂಟು. ಸ್ಪ್ಯಾನರ್ ಹಿಡಿದು ನಟ್ ತಿರುಗಿಸುವ ತಿರುಚುಬಲ ಅಂದರೆ ಟಾರ್ಕ್, ಅದೂ ಬಲ ಗುಣಿಸು ದೂರ. ಕೆಲಸವೂ ಬಲ ಗುಣಿಸು ದೂರ. ಆಯಾಮ ನೋಡಿ ಇವೆರಡನ್ನು ಬೇರೆ ಮಾಡಲು ಆಗುವುದಿಲ್ಲ. ಟಾರ್ಕ್ ಕೇಳಿದಲ್ಲಿ ಶಕ್ತಿಯ ಸೂತ್ರ ಹಾಕಿದರೆ ಯೂನಿಟ್ ಸದ್ದಿಲ್ಲದೆ ಹೊಂದಿಬಿಡುತ್ತದೆ.

ಸೂತ್ರದಲ್ಲಿ 2 ಇದೆಯೋ ½ ಇದೆಯೋ ಅನ್ನುವುದು ಪರೀಕ್ಷೆಯಲ್ಲಿ ಜಾಸ್ತಿ ಕಾಡುವ ಅನುಮಾನ. v = √(gH) ಅಂತ ಬರೆದರೂ ಆಯಾಮ ಸರಿ, √(2gH) ಅಂತ ಬರೆದರೂ ಸರಿ. ಇಂಥಲ್ಲಿ ಉತ್ತರ ಮೊದಲೇ ಗೊತ್ತಿರುವ ಒಂದು ಚಿಕ್ಕ ಉದಾಹರಣೆ ಹಾಕಿ ನೋಡಬೇಕು. ಕೈಬಿಟ್ಟ ಕಲ್ಲು ಒಂದು ಸೆಕೆಂಡಿನಲ್ಲಿ 4.9 ಮೀಟರ್ ಬೀಳುತ್ತದೆ, ಆಗ ಅದರ ವೇಗ 9.8 m/s. ಮೊದಲ ಸೂತ್ರಕ್ಕೆ 4.9 ಮೀಟರ್ ಹಾಕಿದರೆ 6.9 ಬರುತ್ತದೆ. ಎರಡನೆಯದಕ್ಕೆ ಹಾಕಿದರೆ 9.8 ಬರುತ್ತದೆ. 2 ಇರಲೇಬೇಕು.